ಕೇಕಿನ ಮುಂದೆ ಕನ್ನಡ ಯಾಕೆ ತೊದಲುತ್ತದೆ?

ಸಾಲ್ಮಿಯಾದ ಗೆಳೆಯರೊಬ್ಬರ ಮನೆ, ಶುಕ್ರವಾರ ಸಂಜೆ, ಮಗುವಿನ ಹುಟ್ಟುಹಬ್ಬ. ಮೇಣದ ಬತ್ತಿ ಹಚ್ಚಿದ ಕೂಡಲೇ ಯಾರೋ ಒಬ್ಬರು "ಈ ಸಲ ಕನ್ನಡದಲ್ಲೇ ಹಾಡೋಣ" ಅಂದರು. ಅದೇ ಹಳೆಯ ಧಾಟಿಗೆ "ಹುಟ್ಟುಹಬ್ಬದ ಶುಭಾಶಯ" ಎಂದು ಶುರು ಮಾಡಿದೆವು. "ಹಬ್ಬದ" ತನಕ ಚೆನ್ನಾಗಿಯೇ ಬಂತು. ಆಮೇಲೆ ಉಳಿದದ್ದು ಒಂದೇ ಒಂದು ಉದ್ದ ಸ್ವರ, ಬಾಯಲ್ಲಿದ್ದದ್ದು "ಶುಭಾಶಯ" ಎಂಬ ನಾಲ್ಕು ಅಕ್ಷರ. ಒಬ್ಬೊಬ್ಬರು ಒಂದೊಂದು ಕಡೆ ನಿಂತರು. ಮಕ್ಕಳು ನಕ್ಕು ಇಂಗ್ಲಿಷಿಗೆ ಹೊರಳಿದರು.

ತಪ್ಪು ಮಕ್ಕಳದ್ದಲ್ಲ, ಕನ್ನಡದ್ದೂ ಅಲ್ಲ. ಪದ ಹೊಂದಿಸಿದ ನಮ್ಮದು.

ಮರುದಿನ ನಾನು ಅಕ್ಷರ ಎಣಿಸಿಕೊಂಡು ಕೂತೆ. ಸಾಲಿಗೆ ಆರು ಸ್ವರ. "ಇಂದು ನಿನ್ನ ಹಬ್ಬ" ಎಂದು ಬರೆದೆ: ಇಂ, ದು, ನಿ, ನ್ನ, ಹ, ಬ್ಬ, ಸರಿಯಾಗಿ ಆರು. ಹಾಡಿ ನೋಡಿದರೆ "ಇಂದು ನಿನ್ನಹ ಬ್ಬಾ" ಎಂದು ಕೇಳಿಸಿತು. ಹಬ್ಬ ಎರಡು ತುಂಡು!

ಇಲ್ಲೇ ನನ್ನ ವಾದ ಇರುವುದು. ಎಣಿಕೆ ಸರಿಯಾದರೆ ಪದ ಕೂತಿತು ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದು ಎಣಿಕೆಗಿಂತ ಮುಖ್ಯ. ಈ ಧಾಟಿಯದು ಮೂರೆಣಿಕೆಯ ನಡೆ. ಮೊದಲ ಎರಡು ಸ್ವರಗಳು ಪೆಟ್ಟಿಗೆ ಮುಂಚೆಯೇ ಬಂದು ಹೋಗುತ್ತವೆ. ಎರಡೂ ಸೇರಿ ಒಂದೇ ಎಣಿಕೆ, ಅದರಲ್ಲಿ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಮೂರನೆಯ ಸ್ವರಕ್ಕೆ ಪೆಟ್ಟು. ಮೂರು, ನಾಲ್ಕು, ಐದು ಸಮಸಮ. ಆರನೆಯದಕ್ಕೆ ಮತ್ತೆ ಪೆಟ್ಟು, ಅದನ್ನು ಎರಡು ಎಣಿಕೆ ಎಳೆಯಬೇಕು. ಅಂದರೆ ಎರಡು, ಮೂರು, ಒಂದು.

ಇಂಗ್ಲಿಷ್ ಪದದ ಒಳಗೇ ಒತ್ತು ಇರುತ್ತದೆ. ಅದು ತಪ್ಪಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಕನ್ನಡದಲ್ಲಿ ಹಾಗೆ ಬಲವಾದ ಒತ್ತಿಲ್ಲ. ನಮ್ಮ ಕಿವಿ ಕೇಳುವುದು ಲಘು ಗುರು, ಮತ್ತು ಪದ ಎಲ್ಲಿ ಶುರುವಾಯಿತು ಎಂಬುದು. ಆದ್ದರಿಂದ ಪೆಟ್ಟಿನ ಮೇಲೆ ಪದದ ಮೊದಲಕ್ಷರ ಬೀಳಬೇಕು, ಎಳೆಯುವ ಸ್ವರಕ್ಕೆ ದೀರ್ಘಾಕ್ಷರ ಸಿಗಬೇಕು. ನನ್ನ ಸಾಲಿನಲ್ಲಿ ಎರಡನೆಯ ಪೆಟ್ಟು "ಬ್ಬ" ಮೇಲೆ ಬಿತ್ತು. ಅದು ಪದದ ಬಾಲ, ಹ್ರಸ್ವ ಬೇರೆ.

"ಶುಭಾಶಯ"ವನ್ನು ಬಿಟ್ಟು, ಮನೆಯಲ್ಲಿ ಮಗುವಿಗೆ ನಾವು ಹೇಳುವ ಮಾತನ್ನೇ ಹುಡುಕಿದೆ.

ಚಿನ್ನ / ನಗುತ / ಬಾ
ಎದ್ದು / ಕುಣಿದು / ಬಾ
ನಮ್ಮ / ಮನೆಯ / ಮೀರಾ
ನೂರು / ವರುಷ / ಬಾಳ್

"ಚಿನ್ನ", "ಎದ್ದು", "ನಮ್ಮ", "ನೂರು" ನಾಲ್ಕೂ ಗುರು-ಲಘು; ಧಾಟಿಯ ಉದ್ದ-ಗಿಡ್ಡಕ್ಕೆ ತಾವಾಗಿಯೇ ಕೂರುತ್ತವೆ. "ನಗುತ", "ಕುಣಿದು" ಮೂರು ಲಘು, ಮೂರು ಸಮ ಎಣಿಕೆಗೆ. "ಬಾ" ಎಷ್ಟು ಎಳೆದರೂ ಕೆಡುವುದಿಲ್ಲ. ಕೊನೆಯಲ್ಲಿ "ಬಾಳು" ಎಂದರೆ ಒಂದು ಅಕ್ಷರ ಹೆಚ್ಚು, ಹಾಗಾಗಿ "ಬಾಳ್". ಸ್ವಲ್ಪ ಹಳೆಗನ್ನಡದ ವಾಸನೆ ಇದೆ, ಒಪ್ಪುತ್ತೇನೆ.

ಪರೀಕ್ಷೆ ಸುಲಭ. ಪೆಟ್ಟಿಗೆ ಮಾತ್ರ ಚಪ್ಪಾಳೆ ತಟ್ಟಿ, ಚಪ್ಪಾಳೆ ಬಿದ್ದ ಅಕ್ಷರವನ್ನಷ್ಟೇ ಗಟ್ಟಿಯಾಗಿ ಹೇಳಿ. ನನ್ನ ಮೊದಲ ಸಾಲಿನಲ್ಲಿ ಕೇಳುವುದು "ನಿ, ಬ್ಬ". ಎರಡನೆಯದರಲ್ಲಿ "ನ, ಬಾ", ಎರಡೂ ಪದದ ತಲೆ.

ತೊಂದರೆ ಬರುವುದು ಮೂರನೆಯ ಸಾಲಿನ ಹೆಸರಿನಲ್ಲಿ. ಅಲ್ಲಿರುವುದು ಎರಡು ಸ್ವರ. ಮೀರಾ ಸರಿ. ಸುಹಾಸ ಬಂದರೆ? "ಸು"ವನ್ನು ಪೆಟ್ಟಿನ ಮೇಲೆ ಹಾಕಿದರೆ "ಹಾ" ಒದ್ದಾಡುತ್ತದೆ. "ಮನೆಯ"ದ "ಯ" ಇರುವ ಎಣಿಕೆಯನ್ನೇ ಸೀಳಿ "ಸು"ವನ್ನು ಅಲ್ಲಿ ತುರುಕಿ. ದೀರ್ಘದ "ಹಾ" ಪೆಟ್ಟಿಗೆ ಸಿಗುತ್ತದೆ. ಐದಾರು ಅಕ್ಷರದ ಹೆಸರಿಗೆ ನನ್ನ ಹತ್ತಿರ ಮದ್ದಿಲ್ಲ, ಮನೆಯ ಮುದ್ದುಹೆಸರೇ ಗತಿ.

ಹೀಗೆ ಸ್ವರ ಸೀಳುವುದು ಮೂಲಕ್ಕೆ ಅಪಚಾರ ಎಂದು ಸಂಗೀತ ಬಲ್ಲ ಹಿರಿಯರೊಬ್ಬರು ಗದರಿದರು. ಆದರೆ ಈ ಧಾಟಿಯೇ ಹಾಗೆ ಬೆಳೆದದ್ದು. ಅಮೆರಿಕದ ಕೆಂಟಕಿಯ ಶಿಶುವಿಹಾರದ ಶಿಕ್ಷಕಿ ಪ್ಯಾಟಿ ಹಿಲ್ ಮತ್ತು ಅವರ ಅಕ್ಕ ಮಿಲ್ಡ್ರೆಡ್ 1893ರಲ್ಲಿ ಇದನ್ನು ಪ್ರಕಟಿಸಿದಾಗ ಇದು ಮಕ್ಕಳಿಗೆ ಬೆಳಗಿನ ವಂದನೆಯ ಹಾಡು. ಆಗ ಸಾಲಿಗೆ ಐದೇ ಸ್ವರ. ಹುಟ್ಟುಹಬ್ಬದ ಪದ ಹಾಕಿದವರಿಗೆ ಒಂದಕ್ಷರ ಹೆಚ್ಚಾಯಿತು. ಅವರು ಪೆಟ್ಟಿಗೆ ಮುಂಚಿನ ಮೊದಲ ಸ್ವರವನ್ನು ಎರಡಾಗಿ ಸೀಳಿದರು. ಪೆಟ್ಟಿನ ಸ್ವರವನ್ನು ಮುಟ್ಟಲಿಲ್ಲ. ನಾನೂ ಮಾಡಿದ್ದು ಅಷ್ಟೇ.

ಹೋದ ತಿಂಗಳು ಫಾಹಾಹೀಲಿನಲ್ಲಿ ಇನ್ನೊಂದು ಕೇಕು. ನಾಲ್ಕು ಸಾಲನ್ನು ಕಾಗದದಲ್ಲಿ ಬರೆದು ಕೊಟ್ಟಿದ್ದೆ. ಓದಲು ಬಾರದ ಚಿಕ್ಕವಳೊಬ್ಬಳು ಎರಡನೆಯ ಸಲಕ್ಕೆ ಕಾಗದವಿಲ್ಲದೆ ಹಾಡಿದಳು, "ಬಾ" ಬಂದಾಗಲೆಲ್ಲ ಚಪ್ಪಾಳೆ ತಟ್ಟಿಕೊಂಡು.