ಉಚಿತ ಫ್ರೀಜರಿನ ಲೆಕ್ಕ



ನಮ್ಮ ಬೀದಿಯ ಕಿರಾಣಿ ಅಂಗಡಿಯವರಿಗೆ ಐಸ್‌ಕ್ರೀಂ ಕಂಪನಿಯೊಂದು 10,000 ರೂಪಾಯಿ ಠೇವಣಿ ಪಡೆದು ಫ್ರೀಜರ್ ಕೊಟ್ಟಿತ್ತು. ಬಾಡಿಗೆ ಇಲ್ಲ ಎಂದ ಮೇಲೆ ಓದುವುದೇನು ಎಂದು ಅವರು ಸಹಿ ಹಾಕಿಬಿಟ್ಟರು. ಬೇಸಿಗೆಯಲ್ಲಿ ವ್ಯಾಪಾರ ಜೋರಾಗಿಯೇ ನಡೆಯಿತು. ಮಳೆಗಾಲದ ನಂತರ ಫ್ರೀಜರ್ ಹಿಂತಿರುಗಿಸಿದಾಗ ಕೈಗೆ ಬಂದದ್ದು 1,000 ರೂಪಾಯಿ!

ಕರಾರಿನಲ್ಲಿ ಪ್ರತಿ ತಿಂಗಳೂ ಕನಿಷ್ಠ 15,000 ರೂಪಾಯಿ ಮಾಲು ಖರೀದಿಸಬೇಕು, ಕಡಿಮೆಯಾದ ಮೊತ್ತದ ಕಾಲು ಭಾಗವನ್ನು ಠೇವಣಿಯಲ್ಲಿ ಮುರಿದುಕೊಳ್ಳಲಾಗುವುದು ಎಂದಿತ್ತು. ಮಳೆಯ ನಾಲ್ಕು ತಿಂಗಳು ಅವರು ಕೊಂಡದ್ದು ತಲಾ 6,000ದ ಮಾಲು. ಕೊರತೆ ಒಟ್ಟು 36,000, ಕಡಿತ 9,000. ಏಪ್ರಿಲ್‌ನಲ್ಲಿ 30,000ದ ಮಾಲು ಎತ್ತಿದ್ದು ಲೆಕ್ಕಕ್ಕೇ ಬರಲಿಲ್ಲ. ಹೆಚ್ಚುವರಿ ಖರೀದಿ ಮುಂದಿನ ತಿಂಗಳಿಗೆ ಜಮೆಯಾಗುವ ಏರ್ಪಾಡು ಆ ಕಾಗದದಲ್ಲಿರಲಿಲ್ಲ. ಐಸ್‌ಕ್ರೀಮಿಗೆ ವಾರ್ಷಿಕ ಗುರಿ ಇಟ್ಟಿದ್ದರೆ ನ್ಯಾಯವಾಗುತ್ತಿತ್ತು.

ಓದಿಲ್ಲ ಎಂಬ ಕಾರಣಕ್ಕೆ ಸಹಿ ಸಾಮಾನ್ಯವಾಗಿ ಬಿದ್ದುಹೋಗುವುದಿಲ್ಲ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸ ಪರಿಹಾರವಷ್ಟೇ ಸಲ್ಲುತ್ತದೆ. ಆದ್ದರಿಂದ ಕಡಿತಕ್ಕೆ ಆಧಾರವಾದ ನಷ್ಟವೇನೆಂದು ಲಿಖಿತವಾಗಿ ಕೇಳಲು ಅವರಿಗೆ ಹೇಳಿದ್ದೇನೆ. ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹೋಗಿದೆ.

— ಒಬ್ಬ ಓದುಗ, ತಿಪಟೂರು