ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ, ಪಾಲು ಯಾವ ಲೆಕ್ಕದಲ್ಲಿ?

ಬಸ್ ಸ್ಟ್ಯಾಂಡ್ ಎದುರಿನ ಬೀದಿಯಲ್ಲಿ ಒಂದು ಅಂಗಡಿಯ ಷಟರ್ ನಾಲ್ಕು ದಿನ ಮೇಲೇಳದೆ ಇದ್ದರೆ ಜನ ಕೇಳುವುದು "ಯಾರು ಹೋದರು?" ಎಂದು. ಹದಿನೈದು ದಿನ ಕಳೆದ ಮೇಲೆ ಪ್ರಶ್ನೆ ಬದಲಾಗುತ್ತದೆ. "ಅಂಗಡಿ ಇನ್ನು ಯಾರಿಗೆ?" ಸತ್ತವನು ಒಂದು ಧರ್ಮದವನು, ಹೆಂಡತಿ ಇನ್ನೊಂದು ಧರ್ಮದವಳು ಎಂದರಂತೂ ಆ ಪ್ರಶ್ನೆಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ಉತ್ತರ ಕೊಡುತ್ತಾರೆ. ಒಬ್ಬ "ಅವಳು ಬೇರೆ ಮತದವಳು, ಬಿಡಿಗಾಸೂ ಬರಲ್ಲ" ಎನ್ನುತ್ತಾನೆ. ಇನ್ನೊಬ್ಬ "ರಿಜಿಸ್ಟರ್ ಮದುವೆ ಅಲ್ಲವೇನ್ರಿ, ಪೂರ್ತಿ ಅವಳಿಗೇ" ಎನ್ನುತ್ತಾನೆ. ಇಬ್ಬರದೂ ತಪ್ಪು.

ಇಂಥ ಮದುವೆಗಳು ನಡೆಯುವುದು 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ. ಗಂಡಾಗಲಿ ಹೆಣ್ಣಾಗಲಿ ಧರ್ಮ ಬಿಡಬೇಕಿಲ್ಲ. 30 ದಿನದ ನೋಟೀಸು, ಮೂವರು ಸಾಕ್ಷಿಗಳ ಸಹಿ, ಕೈಗೊಂದು ಸರ್ಟಿಫಿಕೇಟು. ಹಾರ ಹಾಕಿಸಿಕೊಂಡು ಹೊರಬರುವ ಜೋಡಿಗೆ ಗೊತ್ತಿಲ್ಲದ ಒಂದು ಮಾತಿದೆ. ಆ ಸಹಿಯ ಜೊತೆಗೇ ಅವರ ಆಸ್ತಿಯ ವಾರಸಿನ ಕಾನೂನೂ ಬದಲಾಗಿಬಿಟ್ಟಿರುತ್ತದೆ. ಅದೇ ಕಾಯ್ದೆಯ 21ನೇ ಕಲಮಿನ ಪ್ರಕಾರ ಅವರ ಆಸ್ತಿಗೂ, ಅವರ ಮಕ್ಕಳ ಆಸ್ತಿಗೂ ಇನ್ನು ಮೇಲೆ ಹಿಂದೂ ಕಾನೂನೂ ಇಲ್ಲ, ಮುಸ್ಲಿಂ ಶಾಸ್ತ್ರವೂ ಇಲ್ಲ. ಅನ್ವಯವಾಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ.

ಒಂದು ಮನೆಯ ಲೆಕ್ಕ

ಒಂದು ಉದಾಹರಣೆ ಹಿಡಿದು ನೋಡೋಣ. ಗಂಡ ಹಿಂದೂ, ಹೆಂಡತಿ ಮುಸ್ಲಿಂ. ಮಗಳಿಗೆ 16 ವರ್ಷ, ಮಗನಿಗೆ 12. ಜೊತೆಗೆ ವಯಸ್ಸಾದ ತಾಯಿ; ಪಕ್ಕದ ಬೀದಿಯಲ್ಲಿ ಒಬ್ಬ ತಮ್ಮ. ಗಂಡ ವಿಲ್ಲು ಬರೆಯದೆ ಹಠಾತ್ತನೆ ತೀರಿಕೊಂಡ. ಅವನೇ ದುಡಿದು ಕಟ್ಟಿಸಿದ ಮನೆಯ ಬೆಲೆ 30 ಲಕ್ಷ. ಅಂಗಡಿಯ ಮಾಲು, ಬ್ಯಾಂಕಿನ ಠೇವಣಿ ಸೇರಿ 12 ಲಕ್ಷ. ಬ್ಯಾಂಕಿಗೆ, ಸಗಟು ವ್ಯಾಪಾರಿಗಳಿಗೆ ಕೊಡಬೇಕಾದದ್ದು 6 ಲಕ್ಷ. ಸಾಲ ಕಳೆದು ಉಳಿಯುವುದು 36 ಲಕ್ಷ.

ಉತ್ತರಾಧಿಕಾರ ಕಾಯ್ದೆಯ ಲೆಕ್ಕ ಬಹಳ ಸರಳ. ಮಕ್ಕಳಿದ್ದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ. ಅಂದರೆ ಹೆಂಡತಿಗೆ 12 ಲಕ್ಷ, ಮಗಳಿಗೆ 12, ಮಗನಿಗೆ 12. ಮಗ ಹೆಚ್ಚು ಮಗಳು ಕಡಿಮೆ ಎಂಬುದಿಲ್ಲ. ಹೆಂಡತಿಯ ಧರ್ಮ ಯಾವುದು ಎಂದು ಕಾಯ್ದೆ ಕೇಳುವುದೇ ಇಲ್ಲ. ಹೆಂಡತಿಯೇ ಮೊದಲು ತೀರಿಕೊಂಡಿದ್ದರೂ ಇದೇ ಲೆಕ್ಕ: ಅವಳ ಒಡವೆ, ಅವಳ ಹೆಸರಿನ ಸೈಟಿನಲ್ಲಿ ಗಂಡನಿಗೆ ಮೂರನೇ ಒಂದು, ಮಕ್ಕಳಿಗೆ ಉಳಿದದ್ದು. ಅವಳ ತವರಿನವರು ಬಂದು "ನಮ್ಮ ಶಾಸ್ತ್ರದ ಪ್ರಕಾರ ಬೇರೆ ಮತದ ಗಂಡನಿಗೆ ಪಾಲಿಲ್ಲ" ಎಂದರೆ ಆ ಮಾತು ನಿಲ್ಲುವುದಿಲ್ಲ.

ತಮ್ಮನ ಪಾಲು? ಸೊನ್ನೆ. ಅಣ್ಣನಿಗೆ ಮಕ್ಕಳಿರುವಾಗ ತಮ್ಮನ ಪ್ರಶ್ನೆಯೇ ಬರುವುದಿಲ್ಲ. ಇಲ್ಲಿಯವರೆಗೆ ಯಾರಿಗೂ ಅಚ್ಚರಿಯಿಲ್ಲ. ಗಂಟು ಇರುವುದು ತಾಯಿಯ ವಿಷಯದಲ್ಲಿ.

ತಾಯಿ ಎಲ್ಲಿ ಹೋದಳು?

ಈ ಲೆಕ್ಕದಲ್ಲಿ ತಾಯಿಗೂ ಸೊನ್ನೆಯೇ. ಮಗ ಕಟ್ಟಿಸಿದ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದವಳಿಗೆ ಆ ಮನೆಯ ಒಂದು ಇಟ್ಟಿಗೆಯ ಮೇಲೂ ಹಕ್ಕಿಲ್ಲ. ಅದೇ ಮಗ ಹಿಂದೂ ಹುಡುಗಿಯನ್ನು ಮದುವೆಯಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುತ್ತಿತ್ತು. ಅದರಲ್ಲಿ ತಾಯಿ ಮೊದಲ ದರ್ಜೆಯ ವಾರಸುದಾರಳು. ಆಗ ತಾಯಿ, ಹೆಂಡತಿ, ಮಗಳು, ಮಗ ನಾಲ್ವರಿಗೂ ತಲಾ 9 ಲಕ್ಷ. ಮುಸ್ಲಿಂ ಶಾಸ್ತ್ರದಲ್ಲೂ ಮಕ್ಕಳಿದ್ದವನ ತಾಯಿಗೆ ಆರನೇ ಒಂದು ಪಾಲು ಉಂಟು. ತಾಯಿಯನ್ನು ಪೂರ್ತಿ ಹೊರಗಿಟ್ಟಿರುವುದು ಈ 1925ರ ಕಾಯ್ದೆಯೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿಂದೂ ಹಿಂದೂವನ್ನೇ ಇದೇ ರಿಜಿಸ್ಟ್ರಾರ್ ಕಚೇರಿಯಲ್ಲಿ, ಇದೇ ವಿಶೇಷ ಕಾಯ್ದೆಯಡಿ ಮದುವೆಯಾದರೆ? 1976ರವರೆಗೆ ಅವರಿಗೂ ಈ ಲೆಕ್ಕವೇ ಇತ್ತು. ಆ ವರ್ಷದ ತಿದ್ದುಪಡಿಯಲ್ಲಿ 21ಎ ಎಂಬ ಕಲಂ ಸೇರಿತು. ಗಂಡ ಹೆಂಡತಿ ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಅವರಿಗೆ ಹಿಂದೂ ಉತ್ತರಾಧಿಕಾರವೇ ಎಂದಾಯಿತು. ಲಿಂಗಾಯತ ಹುಡುಗ ಜೈನ ಹುಡುಗಿಯನ್ನು ಕಚೇರಿಯಲ್ಲಿ ಮದುವೆಯಾದರೆ ಅವನ ತಾಯಿಗೆ ಪಾಲುಂಟು. ಅದೇ ಹುಡುಗ ಕ್ರೈಸ್ತ ಹುಡುಗಿಯನ್ನು ಅದೇ ಮೇಜಿನ ಮುಂದೆ ಮದುವೆಯಾದರೆ ತಾಯಿಗೆ ಪಾಲಿಲ್ಲ. ತಾಯಿಯ ಹಕ್ಕು ನಿಂತಿರುವುದು ಸೊಸೆಯ ಧರ್ಮದ ಮೇಲೆ!

ಮಕ್ಕಳಿಲ್ಲದ ಜೋಡಿಯಾದರೆ ಚಿತ್ರವೇ ಬೇರೆ. ಆಗ ಹೆಂಡತಿಗೆ ಅರ್ಧ ಮಾತ್ರ, 18 ಲಕ್ಷ. ಉಳಿದ ಅರ್ಧ ಗಂಡನ ಕಡೆಗೆ. ಅವನ ತಂದೆ ಬದುಕಿದ್ದರೆ ಆ 18 ಲಕ್ಷ ಪೂರ್ತಿ ತಂದೆಗೆ. ತಾಯಿಗೆ ಆಗಲೂ ಇಲ್ಲ. ತಂದೆ ಇಲ್ಲದಿದ್ದರೆ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆ ಸಮಪಾಲು. ತಾಯಿ, ಒಬ್ಬ ತಮ್ಮ, ಒಬ್ಬಳು ತಂಗಿ ಇದ್ದರೆ ತಲಾ 6 ಲಕ್ಷ. "ಪೂರ್ತಿ ನನಗೇ" ಎಂದುಕೊಂಡಿದ್ದ ವಿಧವೆ, ಮದುವೆಗೆ ಬಾರದ ಮೈದುನನ ಜೊತೆ ಮನೆ ಹಂಚಿಕೊಳ್ಳಬೇಕಾಗುವುದು ಇಂಥ ಕಡೆ.

ಹಿರಿಯರ ಆಸ್ತಿ ಬಂದರೆ

"ಬೇರೆ ಮತದವಳನ್ನು ಕಟ್ಟಿಕೊಂಡ, ಮನೆತನದ ಆಸ್ತಿಯೂ ಹೋಯಿತು" ಎಂಬ ಮಾತು ಹಳ್ಳಿಗಳಲ್ಲಿ ಈಗಲೂ ಇದೆ. ಇದು ಅರ್ಧ ಸತ್ಯ. ಒಟ್ಟು ಕುಟುಂಬದ ಹಿಂದೂ ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ, ಆ ದಿನವೇ ಅವನು ಒಟ್ಟು ಕುಟುಂಬದಿಂದ ಬೇರೆಯಾದಂತೆ ಎಂದು 19ನೇ ಕಲಂ ಹೇಳುತ್ತದೆ. ಬೇರೆಯಾದ ಎಂದರೆ ಪಾಲು ಕಳೆದುಕೊಂಡ ಎಂದಲ್ಲ. ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಹೇಗೋ ಹಾಗೆ, ಆ ದಿನದ ಅವನ ಪಾಲು ಅವನದು. ಅವನು ಸತ್ತ ಮೇಲೆ ಆ ಪಾಲೂ ಇದೇ ಮೂರನೇ ಒಂದರ ಲೆಕ್ಕದಲ್ಲಿ ಹೆಂಡತಿ ಮಕ್ಕಳಿಗೆ ಹೋಗುತ್ತದೆ.

ಆದರೆ ಅವನ ತಂದೆ ತೀರಿಕೊಂಡಾಗ ತಂದೆಯ ಸ್ವಂತ ಆಸ್ತಿಯ ಲೆಕ್ಕ ತಂದೆಯ ಕಾನೂನಿನದೇ. ಮಗನ ಮದುವೆ ಅದನ್ನು ಬದಲಿಸುವುದಿಲ್ಲ. 21ನೇ ಕಲಂ ಮುಟ್ಟುವುದು ಮದುವೆಯಾದವರ ಆಸ್ತಿಯನ್ನು, ಅವರ ಮಕ್ಕಳ ಆಸ್ತಿಯನ್ನು ಮಾತ್ರ.

ಎಡವುವುದು ಎಲ್ಲಿ?

ಮೊದಲನೆಯದು ಸರ್ಟಿಫಿಕೇಟು. ರಿಜಿಸ್ಟ್ರಾರ್ ಕಚೇರಿಯಿಂದ ಬಂದ ಕಾಗದವೆಲ್ಲ ಒಂದೇ ಅಲ್ಲ. 1976ರ ಕರ್ನಾಟಕದ ವಿವಾಹ ನೋಂದಣಿ ಕಾಯ್ದೆಯಲ್ಲೂ ಮದುವೆ ನೋಂದಣಿಯಾಗುತ್ತದೆ. ಅದು ಆಗಿರುವ ಮದುವೆಗೆ ಒಂದು ದಾಖಲೆ ಅಷ್ಟೇ, ವಾರಸಿನ ಕಾನೂನನ್ನು ಬದಲಿಸುವುದಿಲ್ಲ. ಚರ್ಚಿನಲ್ಲೋ ಮಂಟಪದಲ್ಲೋ ಮೊದಲೇ ಮದುವೆಯಾದವರು ಆಮೇಲೆ ವಿಶೇಷ ವಿವಾಹ ಕಾಯ್ದೆಯ 15ನೇ ಕಲಮಿನಡಿ ನೋಂದಾಯಿಸಿದರೆ ಮಾತ್ರ, ಆ ತಾರೀಖಿನಿಂದ ಅದು ಈ ಕಾಯ್ದೆಯ ಮದುವೆಯೇ ಆಗುತ್ತದೆ. ಕಾಗದದ ತಲೆಬರಹದಲ್ಲಿ 1954ರ ಕಾಯ್ದೆಯ ಹೆಸರಿದೆಯೇ ಎಂದು ಇಬ್ಬರೂ ಬದುಕಿರುವಾಗಲೇ ಪೆಟ್ಟಿಗೆ ತೆಗೆದು ನೋಡಬೇಕು. ಒಬ್ಬರು ಮತ ಬದಲಿಸಿ ಆ ಮತದ ಶಾಸ್ತ್ರದ ಪ್ರಕಾರ ಮಾತ್ರ ಮದುವೆಯಾಗಿದ್ದರೆ ಇಲ್ಲಿ ಹೇಳಿದ ಲೆಕ್ಕ ಅವರಿಗಲ್ಲ.

ಎರಡನೆಯದು ಬ್ಯಾಂಕಿನ ನಾಮಿನಿ. ಠೇವಣಿಗೆ ತಮ್ಮನ ಹೆಸರು ಮದುವೆಗೆ ಮುಂಚೆಯೇ ಬರೆಸಿದ್ದು ಹಾಗೇ ಉಳಿದಿರುತ್ತದೆ. ಬ್ಯಾಂಕು ಹಣವನ್ನು ತಮ್ಮನ ಕೈಗೆ ಕೊಡುತ್ತದೆ, ಅದು ಸರಿಯೇ. ಆದರೆ ನಾಮಿನಿ ಹಣ ಪಡೆಯುವವನು, ಒಡೆಯನಲ್ಲ. ಬ್ಯಾಂಕ್ ಠೇವಣಿಯ ಬಗ್ಗೆ ಸುಪ್ರೀಂ ಕೋರ್ಟು 2010ರಲ್ಲಿ, ಕಂಪನಿ ಷೇರುಗಳ ಬಗ್ಗೆ 2023ರಲ್ಲಿ ಇದನ್ನೇ ಹೇಳಿದೆ. ಹೆಂಡತಿ ಮಕ್ಕಳು ತಮ್ಮ ಪಾಲು ಕೇಳಬಹುದು. ತಮ್ಮ ಕೊಡದಿದ್ದರೆ ಕೋರ್ಟಿಗೆ ಅಲೆಯಬೇಕು, ಅಷ್ಟೇ. ನಾಮಿನಿ ಹೆಸರನ್ನು ಸಕಾಲದಲ್ಲಿ ಬದಲಿಸಿದ್ದರೆ ಆ ಅಲೆದಾಟ ಇರುತ್ತಿರಲಿಲ್ಲ.

ನಾಮಿನಿಯೇ ಇಲ್ಲದ ಠೇವಣಿ ದೊಡ್ಡದಿದ್ದರೆ ಬ್ಯಾಂಕು ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಕೇಳುತ್ತದೆ. ಆ ಅರ್ಜಿಯಲ್ಲಿ ಮರಣ ಪತ್ರದ ಜೊತೆ ಮದುವೆಯ ಸರ್ಟಿಫಿಕೇಟನ್ನೂ ಇಟ್ಟು, ಯಾವ ಕಾಯ್ದೆಯ ಮದುವೆ ಎಂದು ಸ್ಪಷ್ಟವಾಗಿ ಬರೆಯಬೇಕು. ಇಲ್ಲದಿದ್ದರೆ ಹೆಸರು ನೋಡಿ ಧರ್ಮ ಅಳೆದು, ಹಿಂದೂ ಲೆಕ್ಕವೋ ಮುಸ್ಲಿಂ ಲೆಕ್ಕವೋ ಹಾಕಿಬಿಡುವುದು ಸುಲಭ. ಮನೆಗೆ ಈ ಪ್ರಮಾಣಪತ್ರ ಸಾಲದು. ಖಾತೆ ಬದಲಾವಣೆಗೆ ವಂಶವೃಕ್ಷ ಬೇಕು. ನಮ್ಮ ಉದಾಹರಣೆಯ ಮಕ್ಕಳಿಗೆ 18 ತುಂಬಿಲ್ಲ. ಆದ್ದರಿಂದ ಮನೆ ಮಾರಿ ಸಾಲ ತೀರಿಸೋಣ ಎಂದು ತಾಯಿ ಹೊರಟರೂ, ಮಕ್ಕಳ ಪಾಲಿಗೆ ಕೋರ್ಟಿನ ಅನುಮತಿ ತನ್ನಿ ಎಂದು ಕೊಳ್ಳುವವನು ಕೇಳುತ್ತಾನೆ.

ಎರಡು ಸಾಲಿನ ಕಾಗದ

ಮೇಲೆ ಹೇಳಿದ ಪಾಲುಗಳೆಲ್ಲ ವಿಲ್ಲು ಬರೆಯದೆ ಸತ್ತವನ ಲೆಕ್ಕ. ಬರೆದಿಟ್ಟಿದ್ದರೆ ಮಾತು ಬೇರೆ. "ನನ್ನ ತಾಯಿ ಬದುಕಿರುವವರೆಗೆ ಕೆಳಗಿನ ಕೋಣೆ ಅವಳಿಗೆ, ಉಳಿದದ್ದು ಹೆಂಡತಿ ಮಕ್ಕಳಿಗೆ" ಎಂಬ ಎರಡು ಸಾಲು ಸಾಕು. ಸ್ಟಾಂಪು ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವನ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು. ಆದರೆ ಪಾಲು ಪಡೆಯುವವರನ್ನಾಗಲಿ, ಅವರ ಗಂಡ ಅಥವಾ ಹೆಂಡತಿಯನ್ನಾಗಲಿ ಸಾಕ್ಷಿ ಹಾಕಿಸಬಾರದು. ಹಾಕಿಸಿದರೆ ವಿಲ್ಲು ಉಳಿಯುತ್ತದೆ, ಅವರಿಗೆ ಬರೆದ ಪಾಲು ಹೋಗುತ್ತದೆ. ಮನೆಯವರ ಬದಲು ಎದುರಿನ ಅಂಗಡಿಯವರಿಬ್ಬರು ಸಹಿ ಹಾಕಿದರೆ ಒಳ್ಳೆಯದು.

ತಾಯಿಯನ್ನು ಹೊರಗಿಟ್ಟ ಕಲಮನ್ನು ತಿದ್ದಬೇಕಾದದ್ದು ಪಾರ್ಲಿಮೆಂಟು. 1976ರಲ್ಲಿ ಒಂದು ಗುಂಪಿನ ತಾಯಂದಿರಿಗೆ ಬಾಗಿಲು ತೆರೆದವರು ಇನ್ನೊಂದು ಗುಂಪಿನವರನ್ನು ಹೊರಗೇ ನಿಲ್ಲಿಸಿದರು. ಅದು ತಿದ್ದುಪಡಿಯಾಗುವವರೆಗೆ ಆ ಮುದುಕಿಯ ಕೋಣೆ ಉಳಿಯುವುದು ಮಗ ಬರೆದಿಟ್ಟ ಕಾಗದದಿಂದ, ಇಲ್ಲವೇ ಸೊಸೆಯ ಒಳ್ಳೆಯತನದಿಂದ. ಸೊಸೆ ಒಳ್ಳೆಯವಳೇ ಇರಬಹುದು. ಆದರೆ ಮನೆಯ ಮೂರನೇ ಎರಡು ಪಾಲು ಅವಳ ಕೈಯಲ್ಲಿಲ್ಲ.