ತನ್ನ ಊರನ್ನೇ ಅರಿಯದ ಅಭ್ಯರ್ಥಿ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ವ್ಯಕ್ತಿತ್ವ ಪರೀಕ್ಷೆಗೆ ಹೊರಟು ನಿಂತ ನಮ್ಮ ಸಮುದಾಯದ ಯುವಕರಲ್ಲಿ ಒಂದು ಭಯ ಮನೆಮಾಡಿದೆ. ಮಂಡಳಿಯವರು ಗಡ್ಡದ ಬಗ್ಗೆ ಕೇಳುವರೇ, ತಲಾಕಿನ ಬಗ್ಗೆ ಕೇಳುವರೇ ಎಂಬ ಚಿಂತೆಯಲ್ಲೇ ಅವರ ಸಿದ್ಧತೆಯ ದಿನಗಳು ಕಳೆದುಹೋಗುತ್ತವೆ. ಆದರೆ 275 ಅಂಕಗಳ ಈ ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಅಲ್ಲಲ್ಲ, ತಮ್ಮ ಕೈಯಾರೆ ಬರೆದುಕೊಟ್ಟ ವಿವರಗಳಲ್ಲೇ ಎಂಬುದು ನಮ್ಮ ಅಭಿಪ್ರಾಯ.

ಅಭ್ಯರ್ಥಿ ತುಂಬಿಕೊಟ್ಟ ವಿವರವಾದ ಅರ್ಜಿ ಮಂಡಳಿಯ ಸದಸ್ಯರ ಮುಂದಿರುತ್ತದೆ. ಹುಟ್ಟೂರು, ಓದು, ಹವ್ಯಾಸ ಎಲ್ಲವೂ ಅದರಲ್ಲಿವೆ. ಇದು ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲ, ಉದ್ದೇಶವುಳ್ಳ ಸಂಭಾಷಣೆ ಎಂದು ಆಯೋಗವೇ ತಿಳಿಸಿದೆ. ಆದ್ದರಿಂದ ಮೊದಲ ಪ್ರಶ್ನೆ ಕೇವಲ ಬಾಗಿಲು. ನಿಜವಾದ ಪರೀಕ್ಷೆ ಅದರ ಬೆನ್ನಿಗೆ ಬರುವ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಲ್ಲಿರುತ್ತದೆ.

ಇಳಕಲ್ಲಿನ ನೇಕಾರ ಕುಟುಂಬದ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. 'ನಿಮ್ಮ ಊರು ಯಾವುದಕ್ಕೆ ಪ್ರಸಿದ್ಧ?' ಎಂದರೆ 'ಸೀರೆಗೆ' ಎಂದು ಆತ ಥಟ್ಟನೆ ಹೇಳುತ್ತಾನೆ. 'ಇತರ ಸೀರೆಗಳಿಗಿಂತ ಅದು ಹೇಗೆ ಭಿನ್ನ?' ಎಂದಾಗ ಸೆರಗು ಕೆಂಪು, ಅಂಚು ಅಗಲ ಎಂದಷ್ಟೇ ಹೇಳಿ ನಿಂತುಬಿಟ್ಟರೆ ಆತ ಊರನ್ನು ಅಂಗಡಿಯ ಹೊರಗಿನಿಂದ ಕಂಡವನಾಗುತ್ತಾನೆ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಜೋಡಿಸುವ 'ತೋಪು ತೆನಿ' ಎಂಬ ವಿಧಾನವೇ ಈ ಸೀರೆಯ ಗುರುತು. ಪ್ರತಿ ಸೀರೆಗೂ ಈ ಜೋಡಣೆ ಕೈಯಿಂದಲೇ ಆಗಬೇಕು. ಉದ್ದನೆಯ ಹಾಸನ್ನು ನಿಲ್ಲದೆ ನೇಯುವ ವಿದ್ಯುತ್ ಮಗ್ಗಕ್ಕೆ ಇದು ಒಗ್ಗುವುದಿಲ್ಲ. ಆದ್ದರಿಂದ ಒಡಲು ಮತ್ತು ಸೆರಗು ಕೂಡುವೆಡೆಯಲ್ಲಿ ಆ ಕುಣಿಕೆಗಳಿವೆಯೇ ಎಂದು ನೋಡಿದರೆ ಅಸಲು ನಕಲು ತಿಳಿಯುತ್ತದೆ.

ಮೂರನೆಯ ಪ್ರಶ್ನೆ ಈಗ ಬರುತ್ತದೆ: 'ಭೌಗೋಳಿಕ ಸೂಚಕದ ಮಾನ್ಯತೆ ದೊರೆತರೂ ನೇಕಾರನೇಕೆ ಮಗ್ಗ ಬಿಡುತ್ತಿದ್ದಾನೆ?' ಆ ಮಾನ್ಯತೆ ಹೆಸರನ್ನು ಕಾಯುತ್ತದೆಯೇ ಹೊರತು ಕೂಲಿಯನ್ನಲ್ಲ; ಕುಣಿಕೆಯ ಗುರುತರಿಯದ ಗ್ರಾಹಕ ಅಗ್ಗದ ನಕಲನ್ನೇ ಕೊಳ್ಳುತ್ತಾನೆ ಎಂದು ಆತ ತನ್ನ ಮನೆಯ ಅನುಭವದಿಂದಲೇ ಹೇಳಬಲ್ಲ. ಇದನ್ನು ಯಾವ ತರಬೇತಿ ಕೇಂದ್ರವೂ ಕಲಿಸದು. ಅಬ್ಬಾಜಾನ್‌ರ ಮಗ್ಗದ ಬಳಿ ಒಂದು ಸಂಜೆ ಕುಳಿತರೆ ಸಾಕು.

ಹವ್ಯಾಸದ ವಿಷಯದಲ್ಲೂ ಇದೇ ಮಾತು. 'ಸ್ಮಾರಕಗಳ ಸಂದರ್ಶನ' ಎಂದು ಬರೆದವನು ಬಾದಾಮಿಯ ಮೂರನೆಯ ಗುಹಾಲಯ ಕ್ರಿ.ಶ. 578ರದ್ದೆಂದು ಹೇಳಿದರೆ, 'ಅದು ಹೇಗೆ ಗೊತ್ತು?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿರುವ ಮಂಗಳೇಶನ ಶಾಸನ ಶಕವರ್ಷ 500 ಎಂದು ಸೂಚಿಸುತ್ತದೆ ಎಂಬುದು ಉತ್ತರ. ಗುಹೆಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡದ್ದು ಹವ್ಯಾಸವಲ್ಲ. ಇಲ್ಲದ ಹವ್ಯಾಸವನ್ನು ಬರೆಯುವುದು ಸುಳ್ಳು ಸಾಕ್ಷ್ಯಕ್ಕೆ ಸಮಾನ, ಮತ್ತು ಅದು ಎರಡು ನಿಮಿಷಗಳಲ್ಲಿ ಬಯಲಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ಅಭಿಪ್ರಾಯದ ಪ್ರಶ್ನೆ. ಬಾಗಲಕೋಟೆಯವನಿಗೆ ಆಲಮಟ್ಟಿಯ ಪ್ರಶ್ನೆ ತಪ್ಪಿದ್ದಲ್ಲ. ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಲ್ಲಿ ಅನುಮತಿಸಿತು. ಆ ತೀರ್ಪನ್ನು ರಾಜ್ಯಪತ್ರದಲ್ಲಿ ಪ್ರಕಟಿಸಲು ಸುಪ್ರೀಂ ಕೋರ್ಟು 2011ರಲ್ಲಿ ತಡೆ ನೀಡಿತು. ಏರಿಸಲೇಬೇಕು ಎಂದು ಕೂಗುವವನು ರಾಜಕಾರಣಿಯಂತೆ ಕಾಣುತ್ತಾನೆ. ನಾನೇನೂ ಹೇಳಲಾರೆ ಎಂಬುವವನು ಅಂಜುಬುರುಕನಂತೆ ಕಾಣುತ್ತಾನೆ. ಮೇಲ್ಭಾಗದ ಮಹಾರಾಷ್ಟ್ರಕ್ಕೆ ಪ್ರವಾಹದ ಆತಂಕವಿದೆ, ಕೆಳಭಾಗದ ರಾಜ್ಯಗಳಿಗೆ ನೀರು ಕಡಿಮೆಯಾಗುವ ಚಿಂತೆಯಿದೆ, ನಮ್ಮ ಒಣಭೂಮಿಗೆ ನೀರು ಬೇಕಿದೆ, ಮುಳುಗುವ ಹಳ್ಳಿಗಳಿಗೆ ನೆಲ ಬೇಕಿದೆ. ಇಷ್ಟನ್ನೂ ನ್ಯಾಯವಾಗಿ ಹೇಳಿದ ಬಳಿಕ ಆತ ತನ್ನ ನಿಲುವನ್ನು ಒಂದು ಕಾರಣದೊಂದಿಗೆ ಹೇಳಲಿ. ಹಳೆಯ ಬಾಗಲಕೋಟೆ ಮುಳುಗಿ ನವನಗರ ಕಟ್ಟಿದ್ದನ್ನು ಕಂಡವನು ಪುನರ್ವಸತಿ ಮೊದಲು, ನೀರು ಬಳಿಕ ಎಂದರೆ ಆ ಮಾತಿಗೆ ತೂಕವಿರುತ್ತದೆ.

ಧರ್ಮದ ಪ್ರಶ್ನೆ ಬಂದರೂ ಮಾರ್ಗ ಇದೇ. ಮೊದಲು ಕಾನೂನು ಏನು ಹೇಳುತ್ತದೆಂಬುದು, ಅನಂತರ ಎದುರು ಪಕ್ಷದ ವಾದ, ಕೊನೆಯಲ್ಲಿ ತನ್ನ ನಿಲುವು. ಆ ಕುರ್ಚಿಯಲ್ಲಿ ಕುಳಿತವನು ಸಮುದಾಯದ ವಕೀಲನೂ ಅಲ್ಲ, ಆರೋಪಿಯೂ ಅಲ್ಲ. ಎರಡೂ ಕಡೆಯ ಅರ್ಜಿಯನ್ನು ಓದಿ ತೀರ್ಮಾನಿಸಬೇಕಾದ ನಾಳೆಯ ಅಧಿಕಾರಿ ಆತ. ಹುನಗುಂದದ ಒಂದು ಜಮೀನಿನ ವ್ಯಾಜ್ಯದಲ್ಲಿ ಆತ ಹೇಗೆ ವರ್ತಿಸುವನೆಂಬುದನ್ನೇ ಮಂಡಳಿ ದೆಹಲಿಯಲ್ಲಿ ಕುಳಿತು ಅಳೆಯುತ್ತಿರುತ್ತದೆ.